ನಡುವೆ ಎಷ್ಟು ರಾತ್ರಿ? ತಪ್ಪಿದ ಅಭ್ಯಾಸವನ್ನು ಬಿಡುವುದು, ಸರಿಸುವುದು, ಕೂಡಿಸುವುದು

(ಕಾರವಾರದಲ್ಲಿ ಬೆಳಗಿನ ಓಟಗಾರರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನನ್ನ ಕೈಯಲ್ಲಿರುವ ಈ ಇನ್ನೂರು ಪುಟದ ನೋಟ್‌ಬುಕ್ ನನ್ನದಲ್ಲ. ನಮ್ಮ ಬಳಗದ ಅಕ್ಕೋರೊಬ್ಬರದು. ಹೆಸರು ಹೇಳಬೇಡಿ, ಪುಟ ಬೇಕಾದರೆ ತೋರಿಸಿ ಎಂದು ಕೊಟ್ಟಿದ್ದಾರೆ. ಮನೆ ಇಲ್ಲೇ ಕೋಡಿಬಾಗದಲ್ಲಿ, ಶಾಲೆ ಅಂಕೋಲಾದ ಹತ್ತಿರ. ಬೆಳಿಗ್ಗೆ ಎಂಟೂಕಾಲಿನ ಬಸ್ ಹಿಡಿಯಬೇಕು. ವಯಸ್ಸು ಮೂವತ್ತೆಂಟು. ಹಾಫ್ ಮ್ಯಾರಥಾನ್, ಅಂದರೆ 21.1 ಕಿಲೋಮೀಟರ್ ಓಡಬೇಕೆಂದು ತಯಾರಿ ನಡೆಸಿದ್ದರು. ನಾನು ತೆರೆದು ಹಿಡಿದಿರುವುದು ಡಿಸೆಂಬರ್ ತಿಂಗಳ ಒಂದು ವಾರದ ಪುಟ. ಪೆನ್ನಿನಲ್ಲಿ ಬರೆದದ್ದು ವಾರದ ಯೋಜನೆ. ಪೆನ್ಸಿಲಿನಲ್ಲಿರುವುದು ಬಾಣಗಳು. ಮಂಗಳವಾರದಿಂದ ಶುಕ್ರವಾರಕ್ಕೆ ಒಂದು ಬಾಣ, ಬುಧವಾರದಿಂದ ಶನಿವಾರಕ್ಕೆ ಇನ್ನೊಂದು, ಭಾನುವಾರದಿಂದ ಸೋಮವಾರಕ್ಕೆ ಮತ್ತೊಂದು. ಆಮೇಲೆ ಎಲ್ಲವನ್ನೂ ಅಳಿಸಿದ್ದಾರೆ. ಕಾಗದ ಅಲ್ಲಲ್ಲಿ ತೆಳುವಾಗಿ ಹೋಗಿದೆ. ಇವತ್ತಿನ ನನ್ನ ಮಾತೆಲ್ಲ ಈ ಬಾಣಗಳ ಬಗ್ಗೆ.

ಪೆನ್ನಿನ ಬರಹ ಹೀಗಿದೆ. ಸೋಮವಾರ ವಿಶ್ರಾಂತಿ. ಮಂಗಳವಾರ ವೇಗದ ಅಭ್ಯಾಸ: 800 ಮೀಟರಿನ ಐದು ಸುತ್ತು, ಒಂದೊಂದೂ ಸುಮಾರು 4 ನಿಮಿಷ 40 ಸೆಕೆಂಡಿನಲ್ಲಿ, ನಡುವೆ ಮೂರು ನಿಮಿಷ ನಿಧಾನದ ನಡಿಗೆ. ಬುಧವಾರ 6 ಕಿಲೋಮೀಟರ್ ಸುಲಭ ಓಟ. ಗುರುವಾರ ಮನೆಯಲ್ಲೇ ನಲವತ್ತು ನಿಮಿಷ ಬಲದ ವ್ಯಾಯಾಮ: ಸ್ಕ್ವಾಟ್, ಮೆಟ್ಟಿಲೇರಿ ಇಳಿಯುವುದು, ಹಿಮ್ಮಡಿ ಎತ್ತುವುದು, ಪ್ಲ್ಯಾಂಕ್. ಶುಕ್ರವಾರ ಬಿಡುವು. ಶನಿವಾರ 5 ಕಿಲೋಮೀಟರ್ ಸುಲಭ ಓಟ. ಭಾನುವಾರ ದೀರ್ಘ ಓಟ, 14 ಕಿಲೋಮೀಟರ್. ಅದಕ್ಕೆ ಮೊದಲಿನ ಒಂದು ತಿಂಗಳಲ್ಲಿ ಅವರು ಒಂದೇ ಸಲಕ್ಕೆ ಓಡಿದ್ದ ಅತಿ ಹೆಚ್ಚಿನ ದೂರ 13 ಕಿಲೋಮೀಟರ್. ಈ 13 ಎಂಬ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸೋಮವಾರ ರಾತ್ರಿ ಮಗನಿಗೆ ಜ್ವರ ಬಂತು. ಮಂಗಳವಾರ ಹೋಯಿತು, ಬುಧವಾರವೂ ಹೋಯಿತು. ಬುಧವಾರ ರಾತ್ರಿ ಮಗ ಚೇತರಿಸಿಕೊಂಡ. ಅಷ್ಟರಲ್ಲಿ ಶಿರಸಿಯಿಂದ ಫೋನ್ ಬಂತು: ಭಾನುವಾರ ತವರಿನ ಕಡೆಯ ಉಪನಯನ, ಬೆಳಿಗ್ಗೆ ಐದಕ್ಕೇ ಹೊರಡಬೇಕು. ಹೀಗೆ ವಾರದ ಐದು ಅಭ್ಯಾಸಗಳಲ್ಲಿ ಮೂರು ಕೈತಪ್ಪಿದಂತಾಯಿತು. ಆ ರಾತ್ರಿಯೇ ಅವರು ಕೂತು ಈ ಬಾಣಗಳನ್ನು ಎಳೆದದ್ದು.

ಅವರ ತಪ್ಪು ಎಲ್ಲಿತ್ತು ಎಂದರೆ, ಅವರು ತಪ್ಪಿಹೋದ ದಿನಗಳನ್ನು ನೋಡುತ್ತಿದ್ದರು. ನಾವೆಲ್ಲ ಮಾಡುವುದೂ ಅದನ್ನೇ. ಸಾಲ ಉಳಿದಿದೆ, ತೀರಿಸಬೇಕು ಎಂಬ ಭಾವ. ದೇಹ ಆ ಲೆಕ್ಕದ ಪುಸ್ತಕ ಇಡುವುದಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ: ಈಗ ಎಷ್ಟು ಚೇತರಿಸಿಕೊಂಡಿದ್ದೇನೆ, ಮುಂದಿನ ಭಾರ ಯಾವಾಗ ಬರಲಿದೆ. ಆದ್ದರಿಂದ ಅಭ್ಯಾಸ ತಪ್ಪಿದಾಗ ಹಿಂದಕ್ಕೆ ನೋಡುವ ಬದಲು ಮುಂದಕ್ಕೆ ನೋಡಿ. ಮುಂದಿನ ಕಠಿಣ ದಿನ ಯಾವುದು? ಅದಕ್ಕೂ ಇವತ್ತಿಗೂ ನಡುವೆ ಎಷ್ಟು ರಾತ್ರಿಗಳಿವೆ? ನಾನು ದಿನಗಳ ಬದಲು ರಾತ್ರಿಗಳನ್ನು ಎಣಿಸಲು ಹೇಳುತ್ತೇನೆ, ಏಕೆಂದರೆ ರಿಪೇರಿಯ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲಿ. ಎರಡು ಕಠಿಣ ಅಭ್ಯಾಸಗಳ ನಡುವೆ ಎರಡು ರಾತ್ರಿಗಳಾದರೂ ಇರಬೇಕು. ಸುಮಾರು 48 ಗಂಟೆ. ಐವತ್ತು ದಾಟಿದವರಿಗೆ ಮೂರು ರಾತ್ರಿ ಇದ್ದರೆ ಒಳ್ಳೆಯದು ಎಂಬುದು ನನ್ನ ಅನುಭವ.

ಹಾಗಾದರೆ ಕಠಿಣ ಯಾವುದು, ಸುಲಭ ಯಾವುದು? ಅಕ್ಕೋರ ವಾರದಲ್ಲಿ ಕಂಬಗಳು ಎರಡೇ: ಮಂಗಳವಾರದ ವೇಗ ಮತ್ತು ಭಾನುವಾರದ ದೂರ. ಬಲದ ವ್ಯಾಯಾಮ ಅಡ್ಡತೊಲೆ ಇದ್ದ ಹಾಗೆ, ಇದ್ದರೆ ಮನೆ ಗಟ್ಟಿ. ಸುಲಭ ಓಟಗಳು ಗೋಡೆ ತುಂಬುವ ಕಲ್ಲು. ಅವು ಬೇಡದ್ದೆಂದು ಯಾರೂ ತಿಳಿಯಬಾರದು. ತಿಂಗಳುಗಟ್ಟಲೆ ಸುಲಭ ಓಟ ಇಲ್ಲದೆ ದೀರ್ಘ ಓಟವೇ ಕಟ್ಟಿಕೊಳ್ಳುವುದಿಲ್ಲ. ಆದರೆ ಒಂದೇ ವಾರದಲ್ಲಿ ಒಂದು ಕಲ್ಲು ಕಡಿಮೆಯಾದರೆ ಗೋಡೆ ಬೀಳುವುದಿಲ್ಲ.

ಇದಕ್ಕೆ ಆಧಾರವಿದೆ. 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಮತ್ತು ಅವರ ಸಂಗಡಿಗರು ಒಂದು ಸಾಲು ಪ್ರಯೋಗ ಮಾಡಿದರು. ಕೆಲವರಿಗೆ ಹತ್ತು ವಾರ, ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಗಟ್ಟಿ ಅಭ್ಯಾಸ ಮಾಡಿಸಿದರು. ಆಮೇಲೆ ದಿನಗಳನ್ನು ವಾರಕ್ಕೆ ನಾಲ್ಕಕ್ಕೆ, ಇನ್ನು ಕೆಲವರಿಗೆ ಎರಡಕ್ಕೇ ಇಳಿಸಿದರು, ಆದರೆ ಅಭ್ಯಾಸದ ಬಿರುಸನ್ನು ಇಳಿಸಲಿಲ್ಲ. ಹದಿನೈದು ವಾರ ಕಳೆದರೂ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಹೆಚ್ಚುಕಡಿಮೆ ಹಾಗೇ ಉಳಿಯಿತು. ಬಿರುಸನ್ನೇ ಇಳಿಸಿದಾಗ ಮಾತ್ರ ಗಳಿಸಿದ್ದು ಜಾರಿಹೋಯಿತು. ಹರಿದುಹೋದ ವಾರದಲ್ಲಿ ಮೊದಲು ಬಿಡಬೇಕಾದದ್ದು ಸುಲಭ ಕಿಲೋಮೀಟರುಗಳನ್ನು, ಕೊನೆಗೆ ಬಿಡಬೇಕಾದದ್ದು ಬಿರುಸನ್ನು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಹೆಚ್ಚಿನವರು ಇದರ ತಿರುವುಮುರುವು ಮಾಡುತ್ತಾರೆ. ವೇಗದ ಅಭ್ಯಾಸ ಕಷ್ಟವೆಂದು ಬಿಡುತ್ತಾರೆ, ಸುಲಭ ಓಟವನ್ನು ಮಾತ್ರ ತಪ್ಪದೆ ಮಾಡಿ ಸಮಾಧಾನಪಡುತ್ತಾರೆ.

ಈಗ ಪುಟಕ್ಕೆ ಬರೋಣ. ಬುಧವಾರ ರಾತ್ರಿ ಅಕ್ಕೋರು ನನಗೆ ಫೋನ್ ಮಾಡಿ, “ಮಾಸ್ತರೇ, ಮಂಗಳವಾರದ್ದನ್ನು ಶುಕ್ರವಾರ ಮಾಡುತ್ತೇನೆ, ಬುಧವಾರದ ಆರನ್ನು ಶನಿವಾರದ ಐದಕ್ಕೆ ಸೇರಿಸಿ ಹನ್ನೊಂದು ಓಡುತ್ತೇನೆ, ಭಾನುವಾರದ್ದನ್ನು ಸೋಮವಾರ ಬೆಳಿಗ್ಗೆ ಮುಗಿಸುತ್ತೇನೆ” ಎಂದರು. ಒಂದನ್ನೂ ಬಿಟ್ಟಿರಲಿಲ್ಲ. ನಾನು, “ಅಕ್ಕೋರೇ, ರಾತ್ರಿ ಎಣಿಸಿ” ಎಂದೆ. ಗುರುವಾರದ ಬಲದ ವ್ಯಾಯಾಮದಿಂದ ಕಾಲು ಭಾರವಾಗಿರುವಾಗ ಶುಕ್ರವಾರ ವೇಗ, ನಡುವೆ ಒಂದು ರಾತ್ರಿ. ಶನಿವಾರ ಹನ್ನೊಂದು, ಮತ್ತೆ ಒಂದೇ ರಾತ್ರಿ. ಭಾನುವಾರ ಇಡೀ ದಿನ ಪ್ರಯಾಣ, ದೇವಿಮನೆ ಘಟ್ಟದ ತಿರುವುಗಳು, ತಡವಾದ ನಿದ್ದೆ. ಸೋಮವಾರ ಹದಿನಾಲ್ಕು. ಮಂಗಳವಾರ ಮುಂದಿನ ವಾರದ ವೇಗದ ಅಭ್ಯಾಸ, ಮತ್ತೆ ಒಂದೇ ರಾತ್ರಿ. ಒಂದು ಬಾಣ ವಾರದ ಗಡಿ ದಾಟಿದರೆ ಮುಂದಿನ ವಾರವೂ ಹರಿಯುತ್ತದೆ. ಆ ವಾರ ಹರಿದರೆ ಅದರ ಮುಂದಿನದು. ತಪ್ಪಿದ್ದನ್ನು ಆ ವಾರದೊಳಗೇ ಸರಿಸಲು ಜಾಗವಿದ್ದರೆ ಸರಿಸಬೇಕು, ಇಲ್ಲದಿದ್ದರೆ ಅಲ್ಲೇ ಬಿಡಬೇಕು. ಈ ಒಂದು ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಹಾಗಾಗಿ ಎರಡು ಕಂಬಗಳನ್ನು ಮೊದಲು ನೆಟ್ಟೆವು. ಭಾನುವಾರದ ದೂರ ಹಿಂದಕ್ಕೆ ಬಂದು ಶನಿವಾರ ಸಂಜೆಗೆ ಕೂತಿತು. ಶನಿವಾರ ಅರ್ಧ ದಿನದ ಶಾಲೆಯಾದ್ದರಿಂದ ನಾಲ್ಕೂವರೆಗೆ ಹೊರಡಬಹುದಿತ್ತು. ಅಲ್ಲಿಂದ ಹಿಂದಕ್ಕೆ ಎರಡು ರಾತ್ರಿ ಎಣಿಸಿದರೆ ಗುರುವಾರ ಬೆಳಿಗ್ಗೆ. ವೇಗದ ಅಭ್ಯಾಸ ಅಲ್ಲಿಗೆ ಬಂತು. ಬುಧವಾರದ ಸುಲಭ ಓಟ, ಶನಿವಾರದ ಸುಲಭ ಓಟ, ಎರಡನ್ನೂ ಬಿಟ್ಟೆವು. ಅಕ್ಕೋರಿಗೆ ಅದು ನುಂಗಲಾರದ ತುತ್ತಾಗಿತ್ತು, ದನಿಯಲ್ಲೇ ಗೊತ್ತಾಯಿತು.

ಉಳಿದದ್ದು ಬಲದ ವ್ಯಾಯಾಮ. ಇಲ್ಲಿ ಕೂಡಿಸುವ ಪ್ರಶ್ನೆ ಬರುತ್ತದೆ, ಮೂರರಲ್ಲಿ ಹೆಚ್ಚು ಕೆಡುವುದೂ ಇದೇ. ಶುಕ್ರವಾರಕ್ಕೆ ಹಾಕಿದರೆ ಶನಿವಾರದ ದೂರಕ್ಕೆ ಕಾಲು ನೋಯುತ್ತದೆ. ಆದ್ದರಿಂದ ಅದನ್ನು ಗುರುವಾರ ಸಂಜೆಗೇ ಇಟ್ಟೆವು. ಕಠಿಣ ದಿನವನ್ನು ಇನ್ನಷ್ಟು ಕಠಿಣ ಮಾಡಿ, ಬಿಡುವಿನ ದಿನವನ್ನು ಪೂರ್ತಿ ಬಿಡುವಾಗಿ ಇಡುವುದು ಲಾಭದ ವ್ಯಾಪಾರ. ಆದರೆ ಕೂಡಿಸಿದಾಗ ಎರಡೂ ಪೂರ್ತಿ ಅಳತೆಯಲ್ಲಿ ಇರಬಾರದು. ಮುಖ್ಯವಾದದ್ದು ಮೊದಲು, ಪೂರ್ತಿ ಅಥವಾ ಪೂರ್ತಿಗೆ ಹತ್ತಿರ. ಇನ್ನೊಂದು ಅರ್ಧ, ಆರು ಗಂಟೆಯಾದರೂ ಬಿಟ್ಟು, ನಡುವೆ ಹೊಟ್ಟೆತುಂಬ ಊಟವಾಗಿ. ಅಕ್ಕೋರು ಬೆಳಿಗ್ಗೆ ಐದರ ಬದಲು ನಾಲ್ಕು ಸುತ್ತು ಓಡಿದರು, ಮಗನ ಜ್ವರದಲ್ಲಿ ಎರಡು ರಾತ್ರಿ ನಿದ್ದೆ ಕೆಟ್ಟಿತ್ತಲ್ಲ. ಸಂಜೆ ಇಪ್ಪತ್ತು ನಿಮಿಷ, ಪ್ರತಿಯೊಂದನ್ನೂ ಮೂರರ ಬದಲು ಎರಡು ಸರದಿ ಮಾತ್ರ ಮಾಡಿದರು.

ಯಾವುದನ್ನು ಕೂಡಿಸಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ವೇಗದ ಅಭ್ಯಾಸ ಮತ್ತು ದೀರ್ಘ ಓಟವನ್ನು ಒಂದೇ ದಿನ ಕೂಡಿಸಬೇಡಿ. ತಪ್ಪಿದ ಸುಲಭ ಕಿಲೋಮೀಟರುಗಳನ್ನು ದೀರ್ಘ ಓಟದ ಬಾಲಕ್ಕೆ ಕಟ್ಟಬೇಡಿ. ಎರಡನೆಯದರಿಂದ ನಾನು ಬಹಳ ನೊಂದಿದ್ದೇನೆ. ಶಿರಸಿಯಲ್ಲಿದ್ದ ವರ್ಷಗಳಲ್ಲಿ ಒಂದು ವಾರ ನಾಲ್ಕು ನಾಲ್ಕು ಕಿಲೋಮೀಟರಿನ ಎರಡು ಓಟ ತಪ್ಪಿತ್ತು. ಭಾನುವಾರದ ಹದಿನಾಲ್ಕಕ್ಕೆ ಆ ಎಂಟನ್ನು ಸೇರಿಸಿ ಬನವಾಸಿ ರಸ್ತೆಯಲ್ಲಿ ಇಪ್ಪತ್ತೆರಡು ಓಡಿದೆ. ಓಡುವಾಗ ಏನೂ ಅನ್ನಿಸಲಿಲ್ಲ, ಉಸಿರು ಚೆನ್ನಾಗಿತ್ತು. ಹತ್ತು ದಿನದೊಳಗೆ ಎಡಗಾಲಿನ ಮುಂಗಾಲಿನ ಎಲುಬಿನಲ್ಲಿ, ಒಂದು ಬೆರಳ ತುದಿಯಷ್ಟು ಜಾಗದಲ್ಲಿ ನೋವು ಕೂತಿತು. ಒತ್ತಿದರೆ ಜೀವ ಹೋದ ಹಾಗೆ. ಎಲುಬಿನಲ್ಲಿ ಕೂದಲೆಳೆಯ ಬಿರುಕು ಎಂದರು ವೈದ್ಯರು. ಎಂಟು ವಾರ ಓಟವಿಲ್ಲ. ಎಂಟು ಕಿಲೋಮೀಟರ್ ಉಳಿಸಲು ಹೋಗಿ ಎಂಟು ವಾರ ಕಳೆದೆ. ಶ್ವಾಸಕೋಶ, ಹೃದಯ ಬೇಗ ಒಗ್ಗಿಕೊಳ್ಳುತ್ತವೆ. ಎಲುಬು ಮತ್ತು ಸ್ನಾಯುರಜ್ಜು ಬಹಳ ನಿಧಾನ. ಉಸಿರು ಸರಿಯಿದೆ ಎಂಬ ಒಂದೇ ಗುರುತನ್ನು ನಂಬಿ ದೂರ ಹೆಚ್ಚಿಸಬಾರದು. ಕಾಲಿನ ನೋವು ಅಂಗೈಯಗಲ ಹರಡಿದ್ದರೆ ಸಾಮಾನ್ಯವಾಗಿ ಅದು ಮಾಂಸದ ದಣಿವು. ಬೆರಳ ತುದಿಯಷ್ಟು ಜಾಗದಲ್ಲಿ ಇದ್ದರೆ, ಒಂಟಿ ಕಾಲಿನಲ್ಲಿ ಕುಪ್ಪಳಿಸಿದಾಗ ಹೆಚ್ಚಿದರೆ, ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಇಲ್ಲಿ ಆ 13 ಎಂಬ ಸಂಖ್ಯೆ ಬರುತ್ತದೆ. ವಾರದ ಒಟ್ಟು ದೂರವನ್ನು ಹತ್ತು ಶೇಕಡಾಕ್ಕಿಂತ ಹೆಚ್ಚಿಸಬಾರದು ಎಂದು ನಾವೆಲ್ಲ ಕೇಳುತ್ತ ಬಂದಿದ್ದೇವೆ. 2025ರಲ್ಲಿ ಪ್ರಕಟವಾದ, ಐದು ಸಾವಿರಕ್ಕೂ ಹೆಚ್ಚು ಓಟಗಾರರನ್ನು ಗಮನಿಸಿದ ಅಧ್ಯಯನವೊಂದು ಬೇರೆ ಕಡೆ ಬೆರಳು ತೋರಿಸಿತು: ಹಿಂದಿನ 30 ದಿನಗಳಲ್ಲಿ ಒಂದೇ ಸಲಕ್ಕೆ ಓಡಿದ ಅತಿ ಹೆಚ್ಚಿನ ದೂರಕ್ಕಿಂತ ಒಂದು ಓಟ ಹತ್ತು ಶೇಕಡಾ ದಾಟಿದಾಗ ಗಾಯದ ಸಂಭವ ಏರಿತು. ತಪ್ಪಿದ ಅಭ್ಯಾಸಗಳ ಲೆಕ್ಕಕ್ಕೆ ಇದು ಬಹಳ ಉಪಯುಕ್ತ. ಅಕ್ಕೋರ 13ಕ್ಕೆ ಹತ್ತು ಶೇಕಡಾ ಸೇರಿಸಿದರೆ 14.3. ಯೋಜನೆಯ 14 ಅದರೊಳಗೇ ಇತ್ತು. ಆದರೂ ಶನಿವಾರ ಅವರು ಓಡಿದ್ದು 12. ಬೆಳಗಿನಿಂದ ತರಗತಿಯಲ್ಲಿ ನಿಂತು ಪಾಠ ಮಾಡಿದ ಕಾಲು, ಸಂಜೆಯ ಸೆಖೆ, ಮೇಲಾಗಿ ಬೆಳಕು. ಅವರ ದೀರ್ಘ ಓಟದ ನಡೆ ಕಿಲೋಮೀಟರಿಗೆ ಏಳೂವರೆ ನಿಮಿಷ. ಹನ್ನೆರಡಕ್ಕೆ ಒಂದೂವರೆ ಗಂಟೆ, ಅಂದರೆ ಆರಕ್ಕೆ ಮನೆ. ಡಿಸೆಂಬರಿನಲ್ಲಿ ನಮ್ಮ ಸೂರ್ಯ ಮುಳುಗುವುದೂ ಆ ಹೊತ್ತಿಗೇ. ಹದಿನಾಲ್ಕು ಓಡಿದ್ದರೆ ಕೊನೆಯ ಕಾಲು ಗಂಟೆ ಹೆದ್ದಾರಿಯ ಬದಿಯಲ್ಲಿ ಮಬ್ಬುಗತ್ತಲಲ್ಲಿ ಓಡಬೇಕಿತ್ತು.

ಮುಂದಿನ ಭಾನುವಾರದ ಯೋಜನೆಯಲ್ಲಿ 15 ಎಂದು ಬರೆದಿತ್ತು. ಓಡಿದ್ದು 14. ಏಕೆಂದರೆ 30 ದಿನಗಳ ದೊಡ್ಡ ಓಟ ಇನ್ನೂ ಆ 13 ಆಗಿಯೇ ಉಳಿದಿತ್ತು. ದೀರ್ಘ ಓಟ ಪೂರ್ತಿ ತಪ್ಪಿದಾಗಲೂ ಇದೇ ಮಾತು. ತಪ್ಪಿದ ಮೆಟ್ಟಿಲನ್ನೇ ಮುಂದಿನ ವಾರ ಹತ್ತಬೇಕು, ಅದನ್ನು ಹಾರಿ ಮೇಲಿನದಕ್ಕೆ ಕಾಲಿಡಬಾರದು.

ಸರಿಸುವಾಗ ಕರಾವಳಿಯಲ್ಲಿ ಮಾತ್ರ ಬರುವ ಒಂದು ತೊಡಕನ್ನು ಹೇಳಬೇಕು. ಘಟ್ಟದ ಮೇಲಿನವರಿಗೆ ಇದು ಗೊತ್ತಿರುವುದಿಲ್ಲ. ನಮ್ಮಲ್ಲಿ ಹಲವರು ಟ್ಯಾಗೋರ್ ಕಡಲತೀರದ ಒದ್ದೆ ಮರಳಿನಲ್ಲಿ ವೇಗದ ಸುತ್ತು ಓಡುತ್ತಾರೆ. ಇಳಿತದ ಹೊತ್ತಿನಲ್ಲಿ ಆ ಮರಳು ಗಟ್ಟಿ, ಅಗಲ, ಕಾಲಿಗೆ ಹಿತ. ಆದರೆ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಮಂಗಳವಾರ ಬೆಳಿಗ್ಗೆ ಆರೂಕಾಲಿಗೆ ಇಳಿತವಿದ್ದರೆ ಗುರುವಾರ ಅದು ಎಂಟರ ಹತ್ತಿರ, ಶನಿವಾರ ಒಂಬತ್ತೂವರೆ ದಾಟಿ. ಅಭ್ಯಾಸವನ್ನು ದಿನ ಬದಲಿಸಿ ಅದೇ ಗಂಟೆಗೆ ಸರಿಸಿದರೆ ಗಟ್ಟಿ ಮರಳು ಕಿರಿದಾಗುತ್ತ ಹೋಗಿ, ನೀವು ಮೇಲಿನ ಸಡಿಲ ಮರಳಿಗೆ ಏರುತ್ತೀರಿ. ಅಲ್ಲಿ ಹಿಮ್ಮಡಿ ಹೂತು, ಮೀನಖಂಡ ಮತ್ತು ಹಿಮ್ಮಡಿಯ ರಜ್ಜು ಹೆಚ್ಚು ಎಳೆಯುತ್ತವೆ. ಅದೇ 4 ನಿಮಿಷ 40 ಸೆಕೆಂಡನ್ನು ಅಲ್ಲಿ ಹಿಡಿಯಲು ಹೋದರೆ ಅದು ಬೇರೆಯೇ ಅಭ್ಯಾಸ, ಹೆಚ್ಚು ಕಠಿಣವಾದದ್ದು. ಹಾಗಾಗಿ ಅಕ್ಕೋರು ಗುರುವಾರ ರಸ್ತೆಗೆ ಬಂದರು. ಶನಿವಾರ ಸಂಜೆ ನಾಲ್ಕೂವರೆ ಭರತದ ಹೊತ್ತು, ಆಗಲೂ ರಸ್ತೆಯೇ.

ಮಳೆಗಾಲದ ಮಾತು ಚಿಕ್ಕದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ತಪ್ಪುವ ದಿನಗಳು ಹೆಚ್ಚಾಗಿ ಹಿಂದಿನ ದಿನವೇ ಗೊತ್ತಾಗುತ್ತವೆ. ಹವಾಮಾನ ಇಲಾಖೆ ಕಿತ್ತಳೆ, ಕೆಂಪು ಎಂದು ಹೇಳುತ್ತದೆ, ಶಾಲೆಗೆ ರಜೆಯ ಸುದ್ದಿ ಮೊಬೈಲಿಗೆ ಬರುತ್ತದೆ. ಆಗ ತಪ್ಪಿಸಿಕೊಂಡು ಆಮೇಲೆ ಸರಿಸುವುದಕ್ಕಿಂತ ಮೊದಲೇ ಅದಲುಬದಲು ಮಾಡುವುದು ಮೇಲು. ಗುರುವಾರದ ಬಲದ ವ್ಯಾಯಾಮವನ್ನು ಕೆಂಪು ದಿನಕ್ಕೆ ತನ್ನಿ, ಮಾಡಿನ ಕೆಳಗೆ ಅದಕ್ಕೆ ಮಳೆಯ ಹಂಗಿಲ್ಲ. ಆದರೆ ಅಲ್ಲೂ ರಾತ್ರಿ ಎಣಿಸಿ: ಭಾನುವಾರದ ದೂರದ ಮರುದಿನವೇ ಸ್ಕ್ವಾಟ್ ಬಂದು ಕೂರದ ಹಾಗೆ ನೋಡಿಕೊಳ್ಳಿ.

ಇನ್ನು, ಬಿಟ್ಟರೆ ಶಕ್ತಿ ಹೋಗುತ್ತದೆಯೇ ಎಂಬ ಭಯ. ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದರು. ಮೊದಲ ಮೂರು ವಾರಗಳಲ್ಲಿ ಅವರ ಆಮ್ಲಜನಕ ಸಾಮರ್ಥ್ಯ ಇಳಿದದ್ದು ಸುಮಾರು 7 ಶೇಕಡಾ. ಅದು ಏನೂ ಮಾಡದೆ ಮೂರು ವಾರ ಕೂತವರ ಕಥೆ. ಎರಡು ದಿನ ಬಿಟ್ಟವರು ಅಳೆಯಬಹುದಾದದ್ದನ್ನು ಏನೂ ಕಳೆದುಕೊಳ್ಳುವುದಿಲ್ಲ. ಒಂದು ವಾರ ಪೂರ್ತಿ ತಪ್ಪಿದರೆ ಆ ವಾರವನ್ನೇ ಮತ್ತೊಮ್ಮೆ ಮಾಡಿ, ಮೊದಲ ವೇಗದ ದಿನ ಒಂದೆರಡು ಸುತ್ತು ಕಡಿಮೆ ಮಾಡಿ. ಎರಡು ವಾರ ದಾಟಿದರೆ ಮೊದಲ ವಾರ ಬರೀ ಸುಲಭ ಓಟ, ನಂತರ ಯೋಜನೆಯನ್ನೇ ಹೊಸದಾಗಿ ಬರೆಯಬೇಕು. ಜ್ವರದಿಂದ ತಪ್ಪಿದ್ದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ; ಜ್ವರ ಪೂರ್ತಿ ಬಿಟ್ಟು, ಊಟ ನಿದ್ದೆ ಸರಿಹೋಗಿ, ಮೆಟ್ಟಿಲು ಹತ್ತಿದರೆ ದಣಿವಾಗದಷ್ಟು ಆದ ಮೇಲೆಯೇ ಓಟದ ಮಾತು.

ಸರಿಸಿದ್ದು ಸರಿಯಾಯಿತೇ ಎಂದು ತಿಳಿಯುವುದು ಹೇಗೆ? ಅಕ್ಕೋರ ಪುಟದ ಅಂಚಿನಲ್ಲಿ ಗುರುವಾರದ ನಾಲ್ಕು ಸುತ್ತಿನ ಸಮಯ ಇದೆ: 4.41, 4.40, 4.42, 4.43. ಮೊದಲಿಗೂ ಕೊನೆಗೂ ಎರಡೇ ಸೆಕೆಂಡಿನ ಅಂತರ. ಕೊನೆಯದು ಮೊದಲಿಗಿಂತ ಹತ್ತು ಹದಿನೈದು ಸೆಕೆಂಡು ಜಾರಿದ್ದರೆ ದೇಹ ಸಿದ್ಧವಿರಲಿಲ್ಲ ಎಂದು ಅರ್ಥ. ಆಗ ಐದನೆಯದನ್ನು ಹಟದಿಂದ ಓಡಬಾರದು. ಇನ್ನೊಂದು, ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಎಣಿಸಿದ ನಾಡಿ. ಅವರದು ಎಂದಿನಂತೆ 62. ಬುಧವಾರ ನಿದ್ದೆಗೆಟ್ಟಾಗ 70. ಶುಕ್ರವಾರ 64, ಶನಿವಾರ 62. ಶನಿವಾರ ಬೆಳಿಗ್ಗೆಯೂ 70 ಇದ್ದಿದ್ದರೆ ಸಂಜೆಯ ಹನ್ನೆರಡನ್ನು ಎಂಟಕ್ಕೆ ಇಳಿಸಿ ಎನ್ನುತ್ತಿದ್ದೆ.

ಕೊನೆಯಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು, ಅದನ್ನು ಸೇರಿಸದಿದ್ದರೆ ಬರಹ ಪೂರ್ತಿಯಾಗುವುದಿಲ್ಲ. ಹಿಂದಿನ ಸಾಲಿನಲ್ಲಿದ್ದ ಯುವಕರೊಬ್ಬರು ಎದ್ದು, “ನನ್ನದು ಪಾಳಿ ಕೆಲಸ, ವಾರವೇ ಏಳು ದಿನದ್ದಲ್ಲ. ರಾತ್ರಿ ಎಣಿಸಿ ಅಂತೀರಿ, ನಾನು ಮಲಗುವುದೇ ಹಗಲಲ್ಲಿ. ಹೇಗೆ ಮಾಡಲಿ?” ಎಂದು ಕೇಳಿದರು. ನಾನು ಅವರಿಗೆ ಹೇಳಿದ್ದು: ನೀವು ರಾತ್ರಿಯ ಬದಲು ನಿದ್ದೆಗಳನ್ನು ಎಣಿಸಿ. ಆರು ಗಂಟೆ ದಾಟಿದ ಒಂದು ನಿದ್ದೆಗೆ ಒಂದು. ಹಗಲು ನಾಲ್ಕೇ ಗಂಟೆ ಮಲಗಿದ್ದರೆ ಅದು ಅರ್ಧ. ಎರಡು ಆಗುವವರೆಗೆ ಮುಂದಿನ ಕಠಿಣ ಅಭ್ಯಾಸ ಬೇಡ. ರಾತ್ರಿ ಪಾಳಿಯ ದಿನಗಳಲ್ಲಿ ಸುಲಭ ಓಟ ಮಾತ್ರ ಇಡಿ, ತಪ್ಪಿದರೆ ಅದನ್ನೇ ಬಿಡಿ. ಪಾಳಿ ಬದಲಾಗಿ ಎರಡನೆಯ ಒಳ್ಳೆಯ ನಿದ್ದೆಯಾದ ಬೆಳಿಗ್ಗೆ ವೇಗ, ಅಲ್ಲಿಂದ ಇನ್ನೆರಡು ನಿದ್ದೆಗೆ ದೂರ. ನಿಮ್ಮ ವಾರ ಒಂಬತ್ತು ದಿನದ್ದಾದರೂ ಅಡ್ಡಿಯಿಲ್ಲ, ಆದರೆ ಆ ಒಂಬತ್ತು ದಿನದ ಗಡಿಯನ್ನು ಬಾಣ ದಾಟಬಾರದು. ಅವರು ಮೊಬೈಲ್ ತೆಗೆದು ತಮ್ಮ ಪಾಳಿ ಪಟ್ಟಿ ತೋರಿಸಿದರು. ಸಭೆ ಮುಗಿದ ಮೇಲೆ ಅಕ್ಕೋರೂ ಬಂದು ಕೂತರು. ಮೂವರೂ ಸೇರಿ ಆ ಪಟ್ಟಿಯ ಮೇಲೆ ಎರಡು ಕಂಬಗಳಿಗೆ ಜಾಗ ಹುಡುಕಿದೆವು. ಮೂರನೆಯ ಮತ್ತು ಐದನೆಯ ದಿನ ಸಿಕ್ಕವು.